300 ರೂಪಾಯಿ ಕಳಿಸಿದ ಗೌಂಡಿ ಅಣ್ಣನಿಗೆ ಏನಂತ ಬರೆಯಬೇಕು?

ದೇವದುರ್ಗದಾಕೆ
ಎಲ್ಲರಿಗೂ ನಮಸ್ಕಾರ. ನಮ್ಮದು ದೇವದುರ್ಗ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ನಾನು ಎಸ್‌ಡಿಎಂಸಿ ಸದಸ್ಯೆ, ಮಗಳು ಅಲ್ಲೇ ಆರನೇ ಕ್ಲಾಸು.

ಹೆಣ್ಣುಮಕ್ಕಳ ಶೌಚಾಲಯ ಕಟ್ಟಿಸಿದ್ದರು, ಆದರೆ ನೀರಿರಲಿಲ್ಲ. ಪೈಪ್ ಒಡೆದ ಮೇಲೆ ಬೀಗ ಹಾಕಿಬಿಟ್ಟಿದ್ದರು. ದೊಡ್ಡ ಹುಡುಗಿಯರು ಊಟದ ಬಿಡುವಿನಲ್ಲಿ ಮನೆಗೆ ಹೋಗುತ್ತಿದ್ದರು, ಕೆಲವರು ವಾಪಸ್ ಬರುತ್ತಿರಲಿಲ್ಲ. ಅದಕ್ಕೆ ಊರಲ್ಲಿ, ಗುಳೆ ಹೋದವರಲ್ಲಿ, ಹಳೆ ವಿದ್ಯಾರ್ಥಿಗಳಲ್ಲಿ ಕೇಳಿ ಹಣ ಸೇರಿಸಿದೆವು. 41,300 ಆಯಿತು. ಪಂಚಾಯ್ತಿ ಬೋರಿನಿಂದ ಲೈನ್ ಎಳೆದು, ಸಾವಿರ ಲೀಟರಿನ ಸಿಂಟೆಕ್ಸ್ ಕೂರಿಸಿ, ನಲ್ಲಿ ಹಾಕಿಸಿದೆವು. ನವೆಂಬರ್ ಮಧ್ಯದಲ್ಲಿ ಕೆಲಸ ಮುಗಿಯಿತು.

ಜಾಸ್ತಿ ಕೊಟ್ಟವರಿಗೆಲ್ಲ ಅಧ್ಯಕ್ಷರು ಫೋನ್ ಮಾಡಿ ಹೇಳಿದ್ದಾರೆ. ಸಣ್ಣ ಮೊತ್ತ ಕೊಟ್ಟವರಿಗೆ ಯಾರೂ ಏನೂ ಹೇಳಿಲ್ಲ. ಅವರಲ್ಲಿ ಒಬ್ಬರು ನಮ್ಮೂರಿನವರೇ, ಬೆಂಗಳೂರಿನಲ್ಲಿ ಗೌಂಡಿ ಕೆಲಸ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಜೂನ್‌ನಲ್ಲಿ ನನ್ನ ಫೋನ್‌ಪೇಗೆ 300 ಹಾಕಿ "ಶಾಲೀಗೆ" ಅಂತ ಅಷ್ಟೇ ಬರೆದಿದ್ದರು. ಅದನ್ನು ಶಾಲೆ ಖಾತೆಗೆ ಕಟ್ಟಿದ್ದೇನೆ. ಅವರಿಗೆ ಪತ್ರ ಕಳಿಸೋಣ ಅಂದಾಗ ಹೆಡ್‌ಮಾಸ್ಟರ್ ಇದನ್ನು ಬರೆದುಕೊಟ್ಟರು:

"ಮಾನ್ಯ ದಾನಿಗಳೇ, ತಮ್ಮ ಉದಾರ ದೇಣಿಗೆಯಿಂದ ನಮ್ಮ ಶಾಲೆಯ ಮಕ್ಕಳಿಗೆ ಶುದ್ಧ ನೀರು ದೊರೆತು, ಹೆಣ್ಣುಮಕ್ಕಳ ಹಾಜರಾತಿಯು ಗಣನೀಯವಾಗಿ ಹೆಚ್ಚಿರುತ್ತದೆ. ತಮ್ಮ ಸಹಕಾರ ಮುಂದೆಯೂ ಹೀಗೆಯೇ ಇರಲೆಂದು ಕೋರುತ್ತೇವೆ."

ಇದು ಆ ಅಣ್ಣನಿಗೆ ಓದೋಕೂ ಕಷ್ಟ, ಓದಿದರೂ ಏನೂ ತಿಳಿಯಲ್ಲ ಅನಿಸುತ್ತಿದೆ. ಹೇಗೆ ಬರೆಯೋದು?

ಗಂಗಾವತಿ ಕಾಕಾ
ಬಹಳ ಒಳ್ಳೆ ಕೆಲಸ ತಂಗಿ. ಜನವರಿ 26ಕ್ಕೆ ಕರೆಸಿ, ಶಾಲು ಹೊದಿಸಿ, ಹಾರ ಹಾಕಿ, ಒಂದು ನೆನಪಿನ ಕಾಣಿಕೆ ಕೊಡಿ. ಬಿಇಒ ಸಾಹೇಬರ ಕೈಯಿಂದ ಕೊಡಿಸಿದರೆ ಇನ್ನೂ ಚೆನ್ನ. ನಮ್ಮಲ್ಲಿ ಶಾಲಿಗೆ 250 ಬೀಳುತ್ತದೆ, ಹತ್ತು ತಗೊಂಡರೆ ಕಡಿಮೆ ಮಾಡ್ತಾರೆ.

ದೇವದುರ್ಗದಾಕೆ
ಕಾಕಾ, 300 ಕೊಟ್ಟವರಿಗೆ 250ರ ಶಾಲು ಹೊದಿಸಿದರೆ ಶಾಲೆಗೆ ಉಳಿದದ್ದು 50 😀 ಅದೂ ಅಲ್ಲದೆ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಹಾಕಿಕೊಂಡು ಬೆಂಗಳೂರಿನಿಂದ ಬರಬೇಕು. ನನಗೆ ಬೇಕಿರೋದು ನಾಲ್ಕು ಸಾಲಿನ ಮಾತು.

ಸಿಂಧನೂರು ಸೀಮೆ
ಪತ್ರದಲ್ಲಿ 80ಜಿ ವಿಷಯ ಹಾಕಿ ಮೇಡಂ. ಶಾಲೆಗೆ ದಾನ ಕೊಟ್ಟರೆ ಟ್ಯಾಕ್ಸ್ ವಿನಾಯಿತಿ ಸಿಗುತ್ತದೆ. ರಸೀದಿ ಇಟ್ಟುಕೊಳ್ಳಿ ಅಂತ ಒಂದು ಸಾಲು ಬರೆದರೆ ಅವರಿಗೂ ಲಾಭ, ಮುಂದಿನ ಸಲ ಜಾಸ್ತಿ ಕೊಡ್ತಾರೆ.

ಲೆಕ್ಕದ ಮನುಷ್ಯ
ದಯವಿಟ್ಟು ಹಾಗೆ ಬರೆಯಬೇಡಿ. ರಾಯಚೂರಿನಲ್ಲಿ ಲೆಕ್ಕಪತ್ರದ ಕೆಲಸ ನನ್ನದು, ಈ ಗೊಂದಲ ಪ್ರತಿ ವರ್ಷ ನೋಡುತ್ತೇನೆ. 80ಜಿ ಸಿಗೋದು ಅದಕ್ಕೆಂದು ನೋಂದಣಿ ಮಾಡಿಸಿಕೊಂಡ ಟ್ರಸ್ಟು, ಸಂಸ್ಥೆಗಳಿಗೆ ಕೊಟ್ಟಾಗ. ಅವರು ದಾನಿಯ ಪ್ಯಾನ್ ತಗೊಂಡು, ಇಲಾಖೆಗೆ ವಿವರ ಕೊಟ್ಟು, ಪ್ರಮಾಣಪತ್ರ ಕೊಡುತ್ತಾರೆ. ಎಸ್‌ಡಿಎಂಸಿ ಖಾತೆಗೆ ಕಟ್ಟಿದ ಮಾತ್ರಕ್ಕೆ ಅದು ತಾನಾಗಿ ಬರಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಅದು ಇಲ್ಲವೇ ಇಲ್ಲ. ಇನ್ನು ಗೌಂಡಿ ಕೆಲಸದವರು ಟ್ಯಾಕ್ಸ್ ಕಟ್ಟುವಷ್ಟು ದುಡಿಯುತ್ತಿದ್ದಾರಾ? ಇಲ್ಲದ ವಿನಾಯಿತಿ ಆಸೆ ತೋರಿಸಿದಂತೆ ಆಗುತ್ತದೆ ಅಷ್ಟೇ.

ರಸೀದಿ ಮಾತ್ರ ಬೇಕೇ ಬೇಕು. ನಿಮ್ಮ ಸ್ವಂತ ಫೋನ್‌ಪೇಗೆ ಬಂದ ದುಡ್ಡು ಅಲ್ವಾ. ಖಾತೆಗೆ ಕಟ್ಟಿದ ದಿನ, ರಸೀದಿ ನಂಬರ್, ಮೊತ್ತ, ಈ ಮೂರೂ ಕಾಣುವಂತೆ ಫೋಟೋ ತೆಗೆದು ಪತ್ರದ ಜೊತೆ ಕಳಿಸಿ. ನಾಳೆ ಯಾರಾದರೂ "ಆಕೆ ಫೋನಿಗೆ ಹಾಕಿದ್ದು ಎಲ್ಲಿ ಹೋಯ್ತೋ" ಅಂದರೆ ಅವರ ಕೈಯಲ್ಲೇ ಉತ್ತರ ಇರುತ್ತದೆ.

ಕುಷ್ಟಗಿ ಹುಡುಗ
ನನ್ನ ಕಥೆ ಕೇಳಿ. ಎರಡು ವರ್ಷದ ಹಿಂದೆ ಒಂದು ಶಾಲೆಗೆ 1,100 ಕೊಟ್ಟೆ, ಹೆಸರು ಬೇಡ. ಥ್ಯಾಂಕ್ಸ್ ಅಂತಲೂ ಇಲ್ಲ, ರಸೀದಿಯೂ ಇಲ್ಲ. ಎಂಟು ತಿಂಗಳಾದ ಮೇಲೆ ಅದೇ ನಂಬರಿನಿಂದ ಮೆಸೇಜು, "ಈ ವರ್ಷವೂ ತಮ್ಮ ಸಹಕಾರ ನಿರೀಕ್ಷಿಸುತ್ತೇವೆ". ಹೋದ ವರ್ಷದ್ದು ಏನಾಯಿತು ಅಂತ ಕೇಳಿದೆ. ನೋಡಿ ಸುಮ್ಮನಾದರು, ನೀಲಿ ಟಿಕ್ ಬಂತು. ಅವತ್ತಿನಿಂದ ಬಿಟ್ಟೆ.

ನಿಮ್ಮ ಹೆಡ್‌ಮಾಸ್ಟರ್ ಬರೆದದ್ದರಲ್ಲಿ ಕೊನೇ ಸಾಲು ಕೂಡ ಅದೇ. ಧನ್ಯವಾದ ಹೇಳುವ ಪತ್ರದಲ್ಲೇ ಮತ್ತೆ ಕೈ ಚಾಚಿದರೆ ಮೇಲಿನದೆಲ್ಲ ಅದಕ್ಕೆ ಪೀಠಿಕೆ ಅನಿಸುತ್ತದೆ. 2022ರಲ್ಲಿ ಪಾಲಕರಿಂದ ತಿಂಗಳಿಗೆ ನೂರು ರೂಪಾಯಿ ಪಡೆಯುವ ಸುತ್ತೋಲೆ ಬಂದು, ಗಲಾಟೆಯಾಗಿ ವಾಪಸ್ ಪಡೆದದ್ದು ಜನರಿಗೆ ಇನ್ನೂ ನೆನಪಿದೆ. ಸರ್ಕಾರಿ ಶಾಲೆ ದುಡ್ಡು ಕೇಳಿತು ಅಂದರೆ ಮೊದಲೇ ಅನುಮಾನ. ಆ ಸಾಲು ತೆಗೆಯಿರಿ.

ಹಳೇ ಸಿಆರ್‌ಪಿ
ತಂಗಿ, ನಾನು ನಿವೃತ್ತ ಶಿಕ್ಷಕ, ಕೆಲವು ವರ್ಷ ಸಿಆರ್‌ಪಿ ಆಗಿ ಲಿಂಗಸುಗೂರು ಕಡೆ ಶಾಲೆಗಳನ್ನು ಸುತ್ತಿದವನು. ಆ ಪತ್ರದಲ್ಲಿ ಎರಡು ಮಾತು ನನ್ನ ಕಣ್ಣಿಗೆ ಬಿದ್ದವು. "ಶುದ್ಧ ನೀರು" ಮತ್ತು "ಹಾಜರಾತಿ ಗಣನೀಯವಾಗಿ ಹೆಚ್ಚಿದೆ". ಎರಡಕ್ಕೂ ಆಧಾರ ಇದೆಯೇ?

ನೀರು ಬೋರಿನದು. ನಮ್ಮ ರಾಯಚೂರು, ಕೊಪ್ಪಳದ ಬೋರುಗಳಲ್ಲಿ ಫ್ಲೋರೈಡ್ ಇರೋದು ಹೊಸ ಸುದ್ದಿಯಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ನೋಡಿಲ್ಲವೇ? ಲೀಟರಿಗೆ ಒಂದು ಮಿಲಿಗ್ರಾಂ ಒಳಗಿದ್ದರೆ ಸರಿ, ಬೇರೆ ದಾರಿಯೇ ಇಲ್ಲದಿದ್ದರೆ ಒಂದೂವರೆವರೆಗೆ ಕುಡಿಯಬಹುದು ಅನ್ನೋದು ನಿಯಮ. ನಿಮ್ಮ ಬೋರಿನ ನೀರು ಪರೀಕ್ಷೆ ಆಗಿದೆಯೇ? ಆಗದೆ ಶುದ್ಧ ಅಂತ ಬರೆದರೆ, ಆ ಅಣ್ಣ ತನ್ನ ಮನೆಯವರಿಗೆ ಹೇಳುತ್ತಾನೆ, ಅವರು ಮಕ್ಕಳಿಗೆ "ಶಾಲೆ ನಲ್ಲಿ ನೀರು ಕುಡೀರಿ, ಶುದ್ಧ ಐತಿ" ಅನ್ನುತ್ತಾರೆ.

ಸಿಂಧನೂರು ಸೀಮೆ
ಕುದಿಸಿ ಆರಿಸಿ ಕುಡಿದರೆ ಏನೂ ಆಗಲ್ಲ ಸರ್. ನಮ್ಮ ಮನೆಯಲ್ಲಿ ಅದೇ ಮಾಡೋದು.

ಹಳೇ ಸಿಆರ್‌ಪಿ
ಕುದಿಸಿದರೆ ವಾಂತಿಭೇದಿ ತರುವ ರೋಗಾಣು ಸಾಯುತ್ತವೆ, ಆ ಮಟ್ಟಿಗೆ ನಿಮ್ಮ ಮಾತು ಸರಿ. ಫ್ಲೋರೈಡ್ ಎಲ್ಲೂ ಹೋಗಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಸ್ವಲ್ಪ ಏರುತ್ತದೆ. ಮನೆಯ ಸಾದಾ ಕ್ಯಾಂಡಲ್ ಫಿಲ್ಟರಿಗೂ ಅದು ಸಿಗಲ್ಲ. ಆರ್‌ಓ ಬೇಕು, ಇಲ್ಲವೇ ಅದಕ್ಕಂತಲೇ ಇರುವ ಫಿಲ್ಟರ್ ಬೇಕು. ಪಂಚಾಯ್ತಿಯಲ್ಲಿ ಪರೀಕ್ಷೆ ಕಿಟ್ ಇರುತ್ತದೆ, ಕೇಳಿ ನೋಡಿ. ಅದು ಬಣ್ಣ ನೋಡಿ ಅಂದಾಜು ಹೇಳುವಂಥದ್ದು, ಗಡಿ ಹತ್ತಿರ ಬಂದರೆ ಲ್ಯಾಬಿಗೆ ಕಳಿಸಬೇಕು.

ಪತ್ರಕ್ಕೆ ಬೇಕಾದದ್ದು ಇಷ್ಟೇ. ಶೌಚಾಲಯಕ್ಕೂ ಕೈ ತೊಳೆಯೋಕೂ ನೀರು ಬಂತು ಅಂತ ಬರೆಯಿರಿ. ಅದು ನಡೆದದ್ದು. ಕುಡಿಯುವ ಮಾತೇ ಬೇಡ.

ದೇವದುರ್ಗದಾಕೆ
ಸರಿ ಸರ್. ಕುಡಿಯೋಕೆ ಮಕ್ಕಳು ಮನೆಯಿಂದ ಬಾಟಲಿ ತರುತ್ತಾರೆ, ಬಿಸಿಯೂಟಕ್ಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ಬರುತ್ತದೆ. ಬೋರಿನದು ಬಳಕೆಗೆ ಮಾತ್ರ.

ಹಾಜರಾತಿ ಮಾತು ಮಾತ್ರ ನಿಜ ಅನಿಸುತ್ತದೆ ಸರ್. ಮಧ್ಯಾಹ್ನ ಹುಡುಗಿಯರು ಉಳಿಯುತ್ತಿದ್ದಾರೆ, ನಾನೇ ನೋಡಿದ್ದೇನೆ. ಆದರೆ ರಿಜಿಸ್ಟರ್‌ನಲ್ಲಿ ತಿಂಗಳ ಒಟ್ಟು ನೋಡಿದರೆ ಆಗಸ್ಟಿಗೂ ಡಿಸೆಂಬರಿಗೂ ಏನೂ ವ್ಯತ್ಯಾಸ ಕಾಣಲಿಲ್ಲ, ಸ್ವಲ್ಪ ಕಡಿಮೆಯೇ ಇತ್ತು. ಅದಕ್ಕೆ ತಲೆ ಕೆಟ್ಟಿದೆ.

ಹಳೇ ಸಿಆರ್‌ಪಿ
ಡಿಸೆಂಬರ್ ಅಂದರೆ ಹತ್ತಿ ಬಿಡಿಸುವ ಕಾಲ ಅಲ್ವಾ ತಂಗಿ. ಆರು, ಏಳನೇ ಕ್ಲಾಸಿನ ಹುಡುಗಿಯರು ಅಮ್ಮನ ಜೊತೆ ಹೊಲಕ್ಕೆ ಹೋಗುತ್ತಾರೆ. ಅವರು ಬೆಳಿಗ್ಗೆಯೇ ಶಾಲೆಗೆ ಬರಲ್ಲ. ಶೌಚಾಲಯದಲ್ಲಿ ನೀರಿದ್ದರೂ ಹತ್ತಿ ಕರೆಯುತ್ತದೆ. ಒಟ್ಟು ಹಾಜರಿ ನೋಡಿದರೆ ಎರಡೂ ಕಲಸಿಹೋಗುತ್ತವೆ. ಇದೇ ಲೆಕ್ಕ ಜೂನ್‌ಗೆ ಹೋಲಿಸಿದರೆ ಒಂದು, ಜನವರಿಗೆ ಹೋಲಿಸಿದರೆ ಇನ್ನೊಂದು. ಯಾವ ತಿಂಗಳು ಚೆನ್ನಾಗಿ ಕಾಣುತ್ತದೋ ಅದನ್ನು ಆರಿಸಿಕೊಂಡು ಬರೆಯುವವರನ್ನೂ ನೋಡಿದ್ದೇನೆ.

ನೀವು ಹೀಗೆ ಮಾಡಿ. ನಮ್ಮ ಹಾಜರಿ ಪುಸ್ತಕದಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಗುರುತು ಇರುತ್ತದೆ. ಆರು, ಏಳರ ಹುಡುಗಿಯರ ಸಾಲು ಮಾತ್ರ ತೆಗೆದುಕೊಳ್ಳಿ. ಬೆಳಿಗ್ಗೆ ಬಂದವರಲ್ಲಿ ಅದೇ ದಿನ ಮಧ್ಯಾಹ್ನ ವಾಪಸ್ ಬರದವರು ಎಷ್ಟು, ಅಷ್ಟನ್ನೇ ಎಣಿಸಿ. ಹೊಲಕ್ಕೆ ಹೋದವರು ಬೆಳಿಗ್ಗೆ ಲೆಕ್ಕದಲ್ಲೇ ಇಲ್ಲ, ಹಾಗಾಗಿ ಹತ್ತಿ ಈ ಲೆಕ್ಕಕ್ಕೆ ಅಡ್ಡ ಬರಲ್ಲ. ಕೆಲಸಕ್ಕೆ ಮೊದಲು ಹತ್ತು ದಿನ, ಆಮೇಲೆ ಹತ್ತು ದಿನ. ಶನಿವಾರ ಅರ್ಧ ದಿನ, ಬಿಟ್ಟುಬಿಡಿ.

ಒಂದು ಎಚ್ಚರ. ಕೆಲವು ಕಡೆ ಮಧ್ಯಾಹ್ನದ ಹಾಜರಿ ಕರೆಯೋದೇ ಇಲ್ಲ, ಬೆಳಿಗ್ಗೆಯದನ್ನೇ ನೋಡಿ ಗುರುತು ಹಾಕಿಬಿಡುತ್ತಾರೆ. ಎರಡೂ ಗುರುತು ದಿನಾ ಒಂದೇ ಥರ ಇದ್ದರೆ ಆ ಪುಸ್ತಕ ನಂಬಬೇಡಿ, ನೀವೇ ಒಂದು ವಾರ ಊಟದ ನಂತರ ಹೋಗಿ ತಲೆ ಎಣಿಸಿ.

ಕೊಪ್ಪಳದ ಸಂಸ್ಥೆಯವಳು
ನಾನು ಒಂದು ಸಣ್ಣ ಸಂಸ್ಥೆಯಲ್ಲಿ ದಾನಿಗಳ ಜೊತೆ ಮಾತಾಡೋ ಕೆಲಸ ಮಾಡುತ್ತೇನೆ. ಸರ್ ಹೇಳಿದ್ದು ಸರಿ, ಆದರೆ 300 ಕೊಟ್ಟವರಿಗೆ ಇಷ್ಟು ಲೆಕ್ಕ ಬೇಕಾ? ಅವರಿಗೆ ಮನಸ್ಸಿಗೆ ನಾಟುವ ಒಂದು ವಸ್ತು ಬೇಕು. ಒಂದು ನಲ್ಲಿಗೆ ಸುಮಾರು 300 ಆಗಿರಬೇಕಲ್ಲ? "ನಿಮ್ಮ ದುಡ್ಡಿನಲ್ಲಿ ಒಂದು ನಲ್ಲಿ ಬಂತು" ಅಂತ ಬರೆದು ಆ ನಲ್ಲಿಯ ಫೋಟೋ ಕಳಿಸಿ. ಜನ ಅದನ್ನು ಮರೆಯಲ್ಲ, ನಾನು ಅನುಭವದಿಂದ ಹೇಳುತ್ತಿದ್ದೇನೆ.

ಲೆಕ್ಕದ ಮನುಷ್ಯ
ಮೇಡಂ, ಅವರ ದುಡ್ಡಲ್ಲೇ ನಲ್ಲಿ ಬಂತು ಅಂತ ಹೇಗೆ ಹೇಳ್ತೀರಿ? ಎಲ್ಲ ದುಡ್ಡೂ ಒಂದೇ ಖಾತೆಗೆ ಬಿದ್ದು ಅಲ್ಲಿಂದ ಖರ್ಚಾಗಿದೆ. ಇನ್ನು 300 ಕೊಟ್ಟವರು ಬೇರೆ ಯಾರಾದರೂ ಇದ್ದರೆ ಅವರಿಗೂ ಅದೇ ನಲ್ಲಿಯ ಫೋಟೋ ಕಳಿಸ್ತೀರಾ? ಇಬ್ಬರೂ ಒಂದೇ ಊರಿನವರು, ಒಂದೇ ಸೈಟಿನಲ್ಲಿ ಕೆಲಸ ಮಾಡುವವರು. ಸಂಜೆ ಫೋನ್ ತೋರಿಸಿಕೊಂಡರೆ ಮುಗೀತು.

ದೇವದುರ್ಗದಾಕೆ
ಅಯ್ಯೋ ಹೌದು, 300 ಹಾಕಿದವರು ಇನ್ನೂ ಇದ್ದಾರೆ. ನಲ್ಲಿ ಇರೋದೇ ನಾಲ್ಕು.

ಕೊಪ್ಪಳದ ಸಂಸ್ಥೆಯವಳು
ಒಪ್ಪಿದೆ, ಆ ಸಾಲು ಬೇಡ. "ನಿಮ್ಮದೂ ಸೇರಿ ಇಷ್ಟಾಯಿತು, ಅದರಲ್ಲಿ ಇದಾಯಿತು" ಅಂದರೆ ಸುಳ್ಳಾಗಲ್ಲ. ಆದರೂ ಬರೀ ಮೊತ್ತ ಹೇಳಿದರೆ 41,300ರ ಮುಂದೆ ತನ್ನ 300 ಏನೂ ಅಲ್ಲ ಅಂತ ಅವರಿಗೆ ಅನಿಸುತ್ತದೆ. ಈ ಮಾತು ಮಾತ್ರ ನಾನು ಬಿಡಲ್ಲ. ವಸ್ತುವಿನ ಹೆಸರು ಇರಲೇಬೇಕು, ಫೋಟೋ ಇರಲೇಬೇಕು.

ಫೋಟೋದಲ್ಲಿ ಹುಡುಗಿಯರನ್ನು ಶೌಚಾಲಯದ ಬಾಗಿಲ ಮುಂದೆ ಸಾಲಾಗಿ ನಿಲ್ಲಿಸಬೇಡಿ ಪ್ಲೀಸ್. ಎಷ್ಟೋ ಕಡೆ ನೋಡಿದ್ದೇನೆ, ಆ ಮಕ್ಕಳ ಮುಖ ನೋಡೋಕಾಗಲ್ಲ. ಟ್ಯಾಂಕು, ನಲ್ಲಿ, ಬೀಳುತ್ತಿರುವ ನೀರು ಸಾಕು.

ಗಂಗಾವತಿ ಕಾಕಾ
ಶಾಲು ಬೇಡ ಅಂದ್ರೆ ಬೇಡ. ಗೋಡೆ ಮೇಲೆ ಹೆಸರಾದರೂ ಬರೆಸಿ. ದಾನಿಗಳ ಫಲಕ ಇಲ್ಲದ ಶಾಲೆ ಉಂಟಾ?

ದೇವದುರ್ಗದಾಕೆ
ಫಲಕ ಬರೆಸೋದು ಅಂತ ಅಧ್ಯಕ್ಷರ ಮನಸ್ಸಲ್ಲೂ ಇದೆ ಕಾಕಾ. 5,000ದ ಮೇಲೆ ಕೊಟ್ಟವರ ಹೆಸರು ಮಾತ್ರ ಅಂತಾರೆ. ಎಲ್ಲರದ್ದೂ ಹಾಕಿ, ಮೊತ್ತ ಹಾಕಬೇಡಿ ಅಂತ ನಾನು. ಅದಿನ್ನೂ ಬಗೆಹರಿದಿಲ್ಲ.

ಕುಷ್ಟಗಿ ಹುಡುಗ
ಹಾಕುವ ಮುಂಚೆ ಆ ಗೌಂಡಿ ಅಣ್ಣನನ್ನು ಕೇಳಿ. ನಮ್ಮ ಓಣಿಯಲ್ಲಿ ಆದದ್ದು ಹೇಳುತ್ತೇನೆ. ಗುಳೆ ಹೋಗುವವರು ಮೇಸ್ತ್ರಿ ಕೈಯಿಂದ ಮುಂಗಡ ತಗೊಂಡಿರುತ್ತಾರೆ. ಒಬ್ಬರ ಹೆಸರು ಗುಡಿಯ ಫಲಕದಲ್ಲಿ ಮೊತ್ತದ ಸಮೇತ ಬಂತು. ಮೇಸ್ತ್ರಿ ಬಂದು "ದೇವರಿಗೆ ಕೊಡಾಕ ಐತಿ, ನನ್ನ ಬಾಕಿ ತೀರ್ಸಾಕ ಇಲ್ಲೇನು" ಅಂತ ಎಲ್ಲರೆದುರು ಕೇಳಿದ. ಪಾಪ, ಮನುಷ್ಯ ಮಾತಾಡದೆ ನಿಂತುಬಿಟ್ಟ. ಅವರು "ಶಾಲೀಗೆ" ಅಂತ ಒಂದೇ ಮಾತು ಬರೆದು ಸುಮ್ಮನಾದರು ಅಂದರೆ, ಮನೆಯಲ್ಲೂ ಹೇಳಿಲ್ಲವೋ ಏನೋ. ವಾಟ್ಸಾಪ್ ಗ್ರೂಪಿನಲ್ಲೂ ಹೆಸರು ಹಾಕಬೇಡಿ, ಅವರ ನಂಬರಿಗೇ ಕಳಿಸಿ.

ದೇವದುರ್ಗದಾಕೆ
ಇದು ನನಗೆ ಹೊಳೆದೇ ಇರಲಿಲ್ಲ. ಕೇಳಿಯೇ ಹಾಕುತ್ತೇನೆ.

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಸರ್ ಹೇಳಿದಂತೆ ಟೀಚರ್ ಜೊತೆ ಕೂತು ರಿಜಿಸ್ಟರ್ ತೆಗೆದೆವು. ನಮ್ಮಲ್ಲಿ ಮಧ್ಯಾಹ್ನ ನಿಜವಾಗಿ ಹಾಜರಿ ಕರೆಯುತ್ತಾರೆ, ಗುರುತುಗಳು ದಿನಾ ಬೇರೆ ಬೇರೆ ಇವೆ. ಆರು, ಏಳು ಸೇರಿ 23 ಹುಡುಗಿಯರು. ಆಗಸ್ಟಿನ ಹತ್ತು ದಿನಗಳಲ್ಲಿ ಬೆಳಿಗ್ಗೆಯ ಹಾಜರಿ ಎಲ್ಲ ಕೂಡಿಸಿದರೆ 196, ಮಧ್ಯಾಹ್ನದ್ದು 148. ಡಿಸೆಂಬರಿನ ಹತ್ತು ದಿನಗಳಲ್ಲಿ ಬೆಳಿಗ್ಗೆ 161, ಮಧ್ಯಾಹ್ನ 150.

ಹಳೇ ಸಿಆರ್‌ಪಿ
ನೋಡಿ, ಮಧ್ಯಾಹ್ನದ ಒಟ್ಟು ಮಾತ್ರ ನೋಡಿದ್ದರೆ 148, 150, ಏನೂ ಆಗಿಲ್ಲ ಅನ್ನುತ್ತಿದ್ದಿರಿ. ಬೆಳಿಗ್ಗೆಯದು ಮಾತ್ರ ನೋಡಿದ್ದರೆ ಹಾಳಾಯಿತು ಅನ್ನುತ್ತಿದ್ದಿರಿ. ಆಗಸ್ಟಿನಲ್ಲಿ ಊಟಕ್ಕೆ ಹೋಗಿ ವಾಪಸ್ ಬರದವರು ಹತ್ತು ದಿನಕ್ಕೆ 48, ಅಂದರೆ ದಿನಕ್ಕೆ ಹತ್ತಿರ ಹತ್ತಿರ ಐದು ಹುಡುಗಿಯರು. ಬಂದ ನಾಲ್ವರಲ್ಲಿ ಒಬ್ಬಳು. ಡಿಸೆಂಬರಿನಲ್ಲಿ 11, ದಿನಕ್ಕೆ ಒಬ್ಬಳು. ಇದನ್ನು ಧೈರ್ಯವಾಗಿ ಬರೆಯಿರಿ.

ಆದರೆ "ನೀರು ಬಂದದ್ದರಿಂದಲೇ" ಅಂತ ಬರೆಯಬೇಡಿ, "ನೀರು ಬಂದ ಮೇಲೆ" ಅಂತ ಬರೆಯಿರಿ. ಆಗಸ್ಟಿನಲ್ಲಿ ಕಳೆ ಕೀಳುವ ಕೆಲಸವೂ ಇರುತ್ತದೆ, ಮಧ್ಯಾಹ್ನ ಕೆಲವರನ್ನು ಹೊಲಕ್ಕೆ ಕರೆದೊಯ್ದಿರಬಹುದು. ಮುಟ್ಟಿನ ದಿನಗಳಲ್ಲಿ ಇಡೀ ದಿನ ಮನೆಯಲ್ಲೇ ಉಳಿಯುವ ಹುಡುಗಿಯರು ಈ ಲೆಕ್ಕದಲ್ಲಿ ಕಾಣೋದೇ ಇಲ್ಲ. ಅವರಿಗೆ ನೀರಿನಿಂದ ಅನುಕೂಲ ಆಯಿತೇ ಅನ್ನೋದು ಟೀಚರ್ ಮೆಲ್ಲಗೆ ಕೇಳಿದರೆ ಗೊತ್ತಾಗಬಹುದು, ರಿಜಿಸ್ಟರಿನಲ್ಲಿ ಸಿಗಲ್ಲ.

ಕೊಪ್ಪಳದ ಸಂಸ್ಥೆಯವಳು
"ದಿನಕ್ಕೆ ಐದು ಹುಡುಗಿಯರು ಬರುತ್ತಿರಲಿಲ್ಲ, ಈಗ ಒಬ್ಬಳು". ಇದು ನನ್ನ ನಲ್ಲಿಗಿಂತ ಚೆನ್ನಾಗಿದೆ, ಒಪ್ಪಿಕೊಂಡೆ. ಆ ಅಣ್ಣನಿಗೆ ಓದೋದು ಕಷ್ಟ ಅಂದಿರಲ್ಲ, ಬರೆದದ್ದನ್ನೇ ನೀವು ಓದಿ ವಾಯ್ಸ್ ಮೆಸೇಜ್ ಕಳಿಸಿ. ಒಂದು ನಿಮಿಷದ ಒಳಗೆ ಮುಗಿಯಲಿ.

ದೇವದುರ್ಗದಾಕೆ
ಬರೆದಿದ್ದೇನೆ, ನೋಡಿ:

"ಅಣ್ಣಾ, ನಮಸ್ಕಾರ. ನೀವು ಜೂನ್‌ನಲ್ಲಿ ಶಾಲೆಗೆ ಅಂತ ಕಳಿಸಿದ 300 ರೂಪಾಯಿ ಶಾಲೆ ಖಾತೆಗೆ ಕಟ್ಟಿದ್ದೇವೆ, ರಸೀದಿ ಫೋಟೋ ಜೊತೆಗಿದೆ. ನಿಮ್ಮದೂ ಎಲ್ಲರದ್ದೂ ಸೇರಿ 41,300 ಆಯಿತು. ಅದರಲ್ಲಿ 38,750 ಖರ್ಚು ಮಾಡಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಟ್ಯಾಂಕ್, ಪೈಪ್, ನಾಲ್ಕು ನಲ್ಲಿ ಹಾಕಿಸಿದೆವು. ಬೀಗ ತೆಗೆದಿದ್ದೇವೆ. ಮೊದಲು ದಿನಕ್ಕೆ ಸುಮಾರು ಐದು ಜನ ದೊಡ್ಡ ಹುಡುಗಿಯರು ಊಟಕ್ಕೆ ಮನೆಗೆ ಹೋಗಿ ವಾಪಸ್ ಬರುತ್ತಿರಲಿಲ್ಲ. ನೀರು ಬಂದ ಮೇಲೆ ದಿನಕ್ಕೆ ಸುಮಾರು ಒಬ್ಬಳು ಅಷ್ಟೇ. ಒಂದು ಬಾಗಿಲಿಗೆ ಒಳಗಿನ ಚಿಲಕ ಇನ್ನೂ ಆಗಿಲ್ಲ, ಉಳಿದ 2,550ರಲ್ಲಿ ಅದನ್ನು ಹಾಕಿಸುತ್ತೇವೆ. ಈ ಸಲ ಊರಿಗೆ ಬಂದಾಗ ಶಾಲೆ ಕಡೆ ಬನ್ನಿ, ನೋಡಿಕೊಂಡು ಹೋಗುವಿರಂತೆ. ದಾನಿಗಳ ಫಲಕದಲ್ಲಿ ನಿಮ್ಮ ಹೆಸರು ಹಾಕಬಹುದಾ, ಬೇಡವಾ? ನೀವು ಹೇಳಿದಂತೆ ಮಾಡುತ್ತೇವೆ. ನೀವು ನೆನಪಿಟ್ಟು ಕಳಿಸಿದ್ದಕ್ಕೆ ನಮಗೆಲ್ಲ ಬಹಳ ಸಂತೋಷ ಆಯಿತು."

ಲೆಕ್ಕದ ಮನುಷ್ಯ
ಉಳಿದ ದುಡ್ಡು ಹೇಳಿದ್ದು ಒಳ್ಳೆಯದಾಯಿತು. ಅಷ್ಟನ್ನೇ ಮುಚ್ಚಿಡೋ ಜನ ಜಾಸ್ತಿ. ಚಿಲಕಕ್ಕೆ ಅಷ್ಟೆಲ್ಲ ಆಗಲ್ಲ, ಮಿಕ್ಕದ್ದು ಏನು ಮಾಡ್ತೀರಿ ಅಂತ ಎಸ್‌ಡಿಎಂಸಿ ನಡಾವಳಿಯಲ್ಲಿ ಬರೆದಿಡಿ.

ಸಿಂಧನೂರು ಸೀಮೆ
"ದಿನಕ್ಕೆ ಐದು ಜನ ಬರುತ್ತಿರಲಿಲ್ಲ" ಅಂತ ಹೊರಗೆ ಹೇಳಿದರೆ ಶಾಲೆ ಮಾನ ಹೋಗಲ್ವಾ? ಹೆಡ್‌ಮಾಸ್ಟರ್ ಒಪ್ತಾರಾ?

ದೇವದುರ್ಗದಾಕೆ
ಒಪ್ಪಿಲ್ಲ. ಶಾಲೆಯ ಲೆಟರ್‌ಹೆಡ್‌ನಲ್ಲಿ ಬೇಡ, ಬೇಕಾದರೆ ನೀವು ನಿಮ್ಮ ಹೆಸರಿನಲ್ಲಿ ಕಳಿಸಿ ಅಂದರು. ಅವರ ಕಷ್ಟವೂ ನನಗೆ ಅರ್ಥವಾಗುತ್ತದೆ, ನಾಳೆ ಮೇಲಿನವರು ಕೇಳಿದರೆ ಉತ್ತರ ಕೊಡಬೇಕಾದವರು ಅವರೇ. ರಸೀದಿ ಶಾಲೆಯದು, ಮಾತು ನನ್ನದು ಅಂತ ಇಟ್ಟುಕೊಂಡು ಇವತ್ತು ರಾತ್ರಿ ಅವರು ಕೆಲಸ ಮುಗಿಸಿ ಬಂದ ಮೇಲೆ ಕಳಿಸುತ್ತೇನೆ. ಉಳಿದ ಸಣ್ಣ ದಾನಿಗಳಿಗೂ ಇದೇ, ಹೆಸರು ಮತ್ತು ಮೊತ್ತ ಬದಲಾಯಿಸಿ.

ಹಳೇ ಸಿಆರ್‌ಪಿ
ಕಳಿಸುವ ಮುಂಚೆ ಇವತ್ತು ಒಮ್ಮೆ ಹೋಗಿ ನಾಲ್ಕೂ ನಲ್ಲಿ ತಿರುಗಿಸಿ ನೋಡಿ. ನಮ್ಮ ಸವಳು ನೀರಿಗೆ ನಲ್ಲಿ ಬಾಯಲ್ಲಿ ಬಿಳಿ ಪದರ ಕಟ್ಟುತ್ತದೆ. ಅವರು ಹಬ್ಬಕ್ಕೆ ಬಂದಾಗ ಎರಡು ನಲ್ಲಿ ಕಟ್ಟಿಕೊಂಡಿದ್ದರೆ ನಿಮ್ಮ ಪತ್ರ ಸುಳ್ಳಾಗುತ್ತದೆ. ಟ್ಯಾಂಕಿಗೆ ನೀರು ಬಿಡುವವರು ಯಾರು, ನೀರಗಂಟಿಯೇ?

ದೇವದುರ್ಗದಾಕೆ
ಹೌದು ಸರ್, ಬೆಳಿಗ್ಗೆ ವಾಲ್ವ್ ತಿರುಗಿಸಿ ಹೋಗುತ್ತಾರೆ. ಅವರು ರಜೆ ಹಾಕಿದ ದಿನ ಟ್ಯಾಂಕ್ ಖಾಲಿ. ಆ ದಿನಗಳಿಗೆ ಏನು ಮಾಡೋದು ಅಂತ ಇನ್ನೂ ತೋಚಿಲ್ಲ, ಹೆಡ್‌ಮಾಸ್ಟರ್ ಕೈಗೊಂದು ವಾಲ್ವ್ ಕೀ ಕೊಡಿ ಅಂತ ಪಂಚಾಯ್ತಿಯಲ್ಲಿ ಕೇಳಿದ್ದೇವೆ. ನಲ್ಲಿ ಪದರಕ್ಕೆ ನಿಂಬೆಹಣ್ಣು ತಿಕ್ಕಿದರೆ ಹೋಗುತ್ತದಾ, ಆ್ಯಸಿಡ್ ಬೇಕಾ?

ಕುಷ್ಟಗಿ ಹುಡುಗ
ಆ್ಯಸಿಡ್ ಬೇಡ ಅಕ್ಕಾ, ಮಕ್ಕಳು ಓಡಾಡುವ ಜಾಗ. ನಿಂಬೆಹಣ್ಣು ಇಲ್ಲವೇ ವಿನೆಗರ್ ಬಟ್ಟೆಯಲ್ಲಿ ನೆನೆಸಿ ಸುತ್ತಿಟ್ಟು, ಒಂದು ಗಂಟೆ ಬಿಟ್ಟು ಹಳೆ ಬ್ರಷ್‌ನಲ್ಲಿ ತಿಕ್ಕಿ. ನಮ್ಮ ಮನೆಯಲ್ಲಿ ಹಾಗೇ ಮಾಡೋದು.